ತನಿಖಾಧಿಕಾರಿ ಸಿಡಿ ತೆರೆದಾಗ

ಮಗೂ, ನಾಳಿದ್ದು ಮಡಿಕೇರಿಯಲ್ಲಿ ನಿನ್ನ ಕೇಸಿನ ತನಿಖಾಧಿಕಾರಿ ಸಾಕ್ಷಿ ಕಟ್ಟೆ ಹತ್ತುತ್ತಾರೆ. ನಿನ್ನೆ ಸಂಜೆ ಆಫೀಸಿನ ಬಾಗಿಲು ಹಾಕುವ ಹೊತ್ತಿಗೆ ನೀನು ಕೇಳಿದೆ: "ಸರ್, ಕೇಸ್ ಡೈರಿಯ ನಕಲು ಬೇಕು ಅಂತ ಒಂದು ಅರ್ಜಿ ಹಾಕಿಬಿಡಲಾ?" ಹಾಕಬೇಡ. ಹಾಕಿದರೆ ಅದು ಅವತ್ತೇ ವಜಾ ಆಗುತ್ತದೆ. ಕೆಟ್ಟದ್ದೆಂದರೆ, ನಿನ್ನ ಕಣ್ಣು ಎಲ್ಲಿದೆ ಎಂದು ಎದುರಿನವರಿಗೆ ಎರಡು ದಿನ ಮುಂಚೆಯೇ ಗೊತ್ತಾಗುತ್ತದೆ. ಸಿಡಿಯನ್ನು ಕೇಳಿ ಪಡೆಯುವ ದಾರಿ ಆರೋಪಿಗಿಲ್ಲ. ಆದರೆ ಅದು ನ್ಯಾಯಾಲಯದೊಳಗೆ ತಾನಾಗಿ ತೆರೆದುಕೊಳ್ಳುವ ಎರಡು ಸಂದರ್ಭಗಳಿವೆ. ಅವನ್ನು ಗುರುತಿಸುವುದು ಹೇಗೆ, ಅದಕ್ಕೆ ಮೊದಲೇ ಏನು ಸಿದ್ಧ ಮಾಡಿಕೊಂಡಿರಬೇಕು ಎಂಬುದನ್ನು ಹೇಳುತ್ತೇನೆ.

ಮೊದಲು ಕಾನೂನಿನ ಮಾತು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 172ನೇ ಕಲಂ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 192 ಆಗಿದೆ. ನಿನ್ನ ಕೇಸಿನ ವಿಚಾರಣೆ 2024ರ ಜುಲೈ 1ಕ್ಕೆ ಮುಂಚೆಯೇ ನಡೆಯುತ್ತಿತ್ತಾದ್ದರಿಂದ ಹಳೆಯ ನಂಬರನ್ನೇ ಹೇಳು, ತಪ್ಪು ಕಲಂ ಹೇಳಿ ಮೊದಲ ನಿಮಿಷದಲ್ಲೇ ಎಡವಬೇಡ. ತನಿಖಾಧಿಕಾರಿ ದಿನದ ಕೆಲಸವನ್ನು ಆಯಾ ದಿನವೇ ಡೈರಿಯಲ್ಲಿ ಬರೆಯಬೇಕು. ಮಾಹಿತಿ ತನಗೆ ತಲುಪಿದ ಹೊತ್ತು, ತನಿಖೆ ಶುರು ಮಾಡಿದ ಮತ್ತು ಮುಗಿಸಿದ ಹೊತ್ತು, ಹೋದ ಜಾಗಗಳು, ತನಿಖೆಯಿಂದ ತಿಳಿದುಬಂದ ಸಂಗತಿಗಳು, ಈ ನಾಲ್ಕೂ ಅದರಲ್ಲಿರಬೇಕು. 2009ರ ಕೊನೆಯ ದಿನ ಜಾರಿಗೆ ಬಂದ ತಿದ್ದುಪಡಿ ಇನ್ನೆರಡನ್ನು ಸೇರಿಸಿತು. ಸಾಕ್ಷಿಗಳ ಹೇಳಿಕೆಗಳು ಡೈರಿಯೊಳಗೇ ಇರಬೇಕು, ಡೈರಿಯನ್ನು ಸಂಪುಟವಾಗಿ ಕಟ್ಟಿ ಪುಟಸಂಖ್ಯೆ ಹಾಕಿರಬೇಕು. ನಾನು ವೃತ್ತಿಗೆ ಬಂದ ಕಾಲದಲ್ಲಿ ಸಿಡಿ ಎಂದರೆ ಟ್ಯಾಗಿನಲ್ಲಿ ಪೋಣಿಸಿದ ಬಿಡಿ ಹಾಳೆಗಳು. ಒಂದು ಹಾಳೆ ಎಳೆದು ಇನ್ನೊಂದನ್ನು ಸೇರಿಸಿದರೆ ಕೇಳುವವರಿರಲಿಲ್ಲ. ಪುಟಸಂಖ್ಯೆಯ ಆ ಒಂದು ಸಾಲು ಬಂದದ್ದು ಅದಕ್ಕಾಗಿಯೇ ಎಂದು ನಾನು ತಿಳಿದಿದ್ದೇನೆ.

ಆ ಡೈರಿಯನ್ನು ನ್ಯಾಯಾಲಯ ತರಿಸಿಕೊಂಡು ಓದಬಹುದು. ಆದರೆ ಸಾಕ್ಷ್ಯವಾಗಿ ಅಲ್ಲ, ವಿಚಾರಣೆಗೆ ನೆರವಾಗಿ ಮಾತ್ರ. ಆರೋಪಿಯಾಗಲಿ ಅವನ ವಕೀಲನಾಗಲಿ ಅದನ್ನು ತರಿಸುವಂತಿಲ್ಲ. ನ್ಯಾಯಾಧೀಶರು ಓದಿದರು ಎಂಬ ಮಾತ್ರಕ್ಕೆ ನೋಡುವಂತೆಯೂ ಇಲ್ಲ. ಇದು ಅನ್ಯಾಯ ಎಂದು 1988ರಲ್ಲಿ ಮುಕುಂದ್ ಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನವರೆಗೂ ವಾದ ಹೋಯಿತು. ನ್ಯಾಯಾಲಯಕ್ಕೇ ಅದನ್ನು ನೋಡುವ ಪೂರ್ಣ ಅಧಿಕಾರ ಇರುವಾಗ ಆರೋಪಿಗೆ ಅನ್ಯಾಯವಾಗುವುದಿಲ್ಲ ಎಂದು ಕೋರ್ಟು ಆ ವಾದವನ್ನು ಒಪ್ಪಲಿಲ್ಲ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಪುಟಗಳನ್ನು ತಂದುಕೊಂಡರೂ ಅಷ್ಟೆ. 2017ರ ಬಾಲಕ್‌ರಾಮ್ ಪ್ರಕರಣದಲ್ಲಿ ಹಾಗೆ ತಂದ ಪುಟಗಳನ್ನು ಪಾಟೀ ಸವಾಲಿಗೆ ಬಳಸಲು ಬಿಡಲಿಲ್ಲ. ಕಾಗದ ಕೈಯಲ್ಲಿದ್ದ ಮಾತ್ರಕ್ಕೆ ಅದನ್ನು ಬಳಸುವ ಹಕ್ಕು ಬರುವುದಿಲ್ಲ.

ಈಗ ಅದೇ ಕಲಮಿನ ಕೊನೆಯ ಭಾಗಕ್ಕೆ ಬಾ. ಅಲ್ಲಿ "ಆದರೆ" ಎಂದೊಂದು ಮಾತಿದೆ, ನಮ್ಮ ಕೆಲಸವೆಲ್ಲ ಇರುವುದು ಅದರ ಆಚೆಗೆ. ಡೈರಿ ಬರೆದ ಅಧಿಕಾರಿಯೇ ಕಟ್ಟೆಯಲ್ಲಿ ನಿಂತು ನೆನಪು ತಂದುಕೊಳ್ಳಲು ಅದನ್ನು ನೋಡಿದರೆ ಸಾಕ್ಷ್ಯ ಅಧಿನಿಯಮದ 161ನೇ ಕಲಂ ಅನ್ವಯವಾಗುತ್ತದೆ. ನ್ಯಾಯಾಲಯವೇ ಆ ಅಧಿಕಾರಿಯ ಮಾತನ್ನು ಅಲ್ಲಗಳೆಯಲು ಡೈರಿಯನ್ನು ಬಳಸಿದರೆ 145ನೇ ಕಲಂ ಅನ್ವಯವಾಗುತ್ತದೆ. ಹೊಸ ಸಾಕ್ಷ್ಯ ಅಧಿನಿಯಮದಲ್ಲಿ ಇವು 164 ಮತ್ತು 148. ಸಾಕ್ಷಿ ಯಾವ ಬರಹ ನೋಡಿ ನೆನಪು ಮಾಡಿಕೊಂಡನೋ ಅದನ್ನು ಎದುರು ಪಕ್ಷ ಕೇಳಿದರೆ ತೋರಿಸಲೇಬೇಕು, ಅದರ ಮೇಲೆ ಪಾಟೀ ಸವಾಲು ಮಾಡಬಹುದು ಎನ್ನುತ್ತದೆ 161. ಕೇಳಿದರೆ ಎಂಬುದನ್ನು ಗಮನಿಸು. ಕೇಳದಿದ್ದರೆ ಯಾರೂ ಕರೆದು ಕೊಡುವುದಿಲ್ಲ.

ಹಾಗೆ ಕೇಳದೆ ನಾನೊಮ್ಮೆ ಕಳೆದುಕೊಂಡಿದ್ದೇನೆ. ವೃತ್ತಿಯ ಮೂರನೆಯ ವರ್ಷ. ಅಧಿಕಾರಿ ನನ್ನ ಪ್ರಶ್ನೆಗೆ ಕಂಕುಳಲ್ಲಿದ್ದ ಫೈಲು ತೆರೆದು, ಬೆರಳಿಟ್ಟು ಓದಿ, ಉತ್ತರ ಕೊಟ್ಟರು. ನಾನು ಮುಂದಿನ ಪ್ರಶ್ನೆಗೆ ಹೋದೆ. ಮಧ್ಯಾಹ್ನ ಊಟಕ್ಕೆ ಕೂತಾಗ ನನ್ನ ಸೀನಿಯರ್ ಕೇಳಿದರು, ಅವರು ಓದಿದ್ದು ಯಾವ ಕಾಗದ ಎಂದು. ನನ್ನಲ್ಲಿ ಉತ್ತರ ಇರಲಿಲ್ಲ. ಸಾಕ್ಷಿಯನ್ನು ಆಗಲೇ ಬಿಟ್ಟು ಕಳಿಸಿಯಾಗಿತ್ತು. ಆ ಕೇಸಿನ ಆರೋಪಿಗೆ ಶಿಕ್ಷೆಯಾಯಿತು. ಆ ಕಾಗದ ನೋಡಿದ್ದರೆ ಬಿಡುಗಡೆ ಆಗುತ್ತಿತ್ತು ಎಂದು ನಾನು ಹೇಳಲಾರೆ, ಆದರೆ ನೋಡದೇ ಬಿಟ್ಟದ್ದು ನನ್ನ ತಪ್ಪು.

ಅದಕ್ಕೇ ನಿನಗೆ ಕರಿಮೆಣಸಿನ ಕೇಸನ್ನು ಬಿಡಿಸಿ ಹೇಳುತ್ತೇನೆ. ಹನ್ನೆರಡು ವರ್ಷ ದಾಟಿದ ಕೇಸು. ಒಂದು ತೋಟದ ಗೋದಾಮಿನ ಬೀಗ ಮುರಿದು ಐವತ್ತು ಕಿಲೋದ ಮೂರು ಚೀಲ ಮೆಣಸು ಕದ್ದಿದ್ದಾರೆ ಎಂದು ದೂರು. ಲೈನ್ ಮನೆಯಲ್ಲಿದ್ದ ಕೂಲಿಯವನೊಬ್ಬ ಆರೋಪಿ. ಕಂಡವರಿಲ್ಲ, ಬೆರಳಚ್ಚಿಲ್ಲ. ಇದ್ದದ್ದು ಒಂದೇ ಕೊಂಡಿ: 14ನೇ ತಾರೀಕು ಆತ ಸ್ವಇಚ್ಛಾ ಹೇಳಿಕೆ ಕೊಟ್ಟ, ಪೊಲೀಸರನ್ನೂ ಪಂಚರನ್ನೂ ಕರೆದುಕೊಂಡು ಹೋಗಿ ಪಾಳು ಲೈನಿನ ಒಂದು ಕೋಣೆಯಲ್ಲಿ ಎರಡು ಚೀಲ ತೋರಿಸಿಕೊಟ್ಟ ಎಂಬುದು. ಜಪ್ತಿ ಮಹಜರಿನಲ್ಲಿ ಹೊತ್ತು ಮಧ್ಯಾಹ್ನ 3.15ರಿಂದ 4.45.

ನಾನು ಮಾಡಿದ ಮೊದಲ ಕೆಲಸ ಒಂದು ಹಾಳೆಯಲ್ಲಿ ಗೆರೆ ಹಾಕಿ ಆ ಒಂದೇ ದಿನವನ್ನು ಗಂಟೆಗಳಾಗಿ ಒಡೆದದ್ದು. ಒಂದು ಕಡೆ ಹೊತ್ತು, ಪಕ್ಕದಲ್ಲಿ ಆ ಹೊತ್ತಿಗೆ ಅಧಿಕಾರಿ ಎಲ್ಲಿದ್ದರು, ಅದನ್ನು ಹೇಳುವ ಕಾಗದ ಯಾವುದು. ದೋಷಾರೋಪಣಾ ಪಟ್ಟಿಯ ಜೊತೆ ಬಂದ ಕಾಗದಗಳಿಂದ ಮಹಜರಿನ ಹೊತ್ತು ಸಿಕ್ಕಿತು. ರಿಮ್ಯಾಂಡ್ ಅರ್ಜಿಯಿಂದ ದಸ್ತಗಿರಿಯ ಹೊತ್ತು ಸಿಕ್ಕಿತು, 14ರ ಸಂಜೆ 5.30. ಇಲ್ಲಿಗೇ ಒಂದು ಬಿರುಕು ಕಾಣಿಸುತ್ತದೆ. 3.15ಕ್ಕೇ ಜಾಗ ತೋರಿಸಿದವನನ್ನು 5.30ಕ್ಕೆ ದಸ್ತಗಿರಿ ಮಾಡುವುದೆಂದರೇನು? ಆದರೆ ಇಷ್ಟಕ್ಕೇ ಗೆಲ್ಲುವುದಿಲ್ಲ. ಕರೆತಂದು ವಿಚಾರಿಸಿದೆವು, ಕಾಗದಪತ್ರ ಮುಗಿಸಿ ಆಮೇಲೆ ದಸ್ತಗಿರಿ ತೋರಿಸಿದೆವು ಎಂದು ಅವರು ಹೇಳಬಹುದು, ಬಹಳ ಕೋರ್ಟುಗಳು ಅದನ್ನು ಒಪ್ಪುತ್ತವೆ.

ಮುಂದಿನದು ಠಾಣಾ ದಿನಚರಿ. ಇದನ್ನೂ ಸಿಡಿಯನ್ನೂ ಒಂದೇ ಎಂದು ತಿಳಿಯಬೇಡ. ಠಾಣಾ ದಿನಚರಿ ಇಡೀ ಠಾಣೆಯದು: ಯಾರು ಎಷ್ಟು ಹೊತ್ತಿಗೆ ಹೊರಟರು, ಯಾವ ಕರ್ತವ್ಯ, ಯಾವಾಗ ವಾಪಸು ಬಂದರು. ಅದಕ್ಕೆ 172ರ ಮರೆ ಇಲ್ಲ. ನಿರ್ದಿಷ್ಟ ದಿನದ ದಿನಚರಿಯನ್ನೂ ಜೀಪಿನ ಲಾಗ್ ಪುಸ್ತಕವನ್ನೂ ಹಾಜರುಪಡಿಸುವಂತೆ 91ನೇ ಕಲಮಿನಲ್ಲಿ, ಈಗಿನ 94ರಲ್ಲಿ, ಅರ್ಜಿ ಹಾಕಬಹುದು. ಅರ್ಜಿಯಲ್ಲಿ ಒಂದು ದಿನ, ಒಂದು ಕಾರಣ ಬರೆ. "ಎಲ್ಲ ದಾಖಲೆ ಕೊಡಿಸಿ" ಎಂದು ಬರೆದರೆ ಸುಮ್ಮನೆ ಜಾಲ ಬೀಸುತ್ತಿದ್ದಾನೆ ಎಂದು ತಳ್ಳಿಹಾಕುತ್ತಾರೆ. ನಾನು 14ನೇ ತಾರೀಕಿನದನ್ನು ಮಾತ್ರ ಕೇಳಿದೆ. ಬಂತು. ಅಧಿಕಾರಿ ಮಧ್ಯಾಹ್ನ 1.30ಕ್ಕೆ ಮಡಿಕೇರಿಗೆ ಸಭೆಗೆಂದು ಹೊರಟಿದ್ದರು. ವಾಪಸು ಬಂದ ಹೊತ್ತಿನ ಅಂಕಿಯ ಮೇಲೆ ಇನ್ನೊಂದು ಅಂಕಿ ತಿದ್ದಿತ್ತು, ಓದಲು ಬರುತ್ತಿರಲಿಲ್ಲ.

ಈಗ ಕಟ್ಟೆ. ಮುಖ್ಯ ವಿಚಾರಣೆಯಲ್ಲಿ ಅಧಿಕಾರಿ ಮಹಜರು ನೋಡಿಕೊಂಡು ಸರಾಗವಾಗಿ ಹೇಳಿ ಮುಗಿಸಿದರು. ಪಾಟೀ ಸವಾಲಿನಲ್ಲಿ ನಾನು ಮಹಜರಿನ ಸುದ್ದಿಯನ್ನೇ ಎತ್ತಲಿಲ್ಲ. ಮಹಜರಿನಲ್ಲಿ ಇಲ್ಲದ, ಸಿಡಿಯಲ್ಲಿ ಮಾತ್ರ ಇರಬಹುದಾದ ಸಣ್ಣ ಸಂಗತಿಗಳನ್ನು ಕೇಳಿದೆ. ಅವತ್ತು ಠಾಣೆಯಿಂದ ಎಷ್ಟು ಗಂಟೆಗೆ ಹೊರಟಿರಿ? ಮಡಿಕೇರಿಯಲ್ಲಿ ಎಷ್ಟು ಹೊತ್ತು ಇದ್ದಿರಿ? ಪಂಚರಿಗೆ ಯಾರ ಕೈಯಲ್ಲಿ ಹೇಳಿ ಕಳಿಸಿದಿರಿ? ಮೂರನೆಯ ಪ್ರಶ್ನೆಗೆ ಅವರು "ನೆನಪಿಲ್ಲ, ಸಿಡಿ ನೋಡಿ ಹೇಳಬೇಕು" ಎಂದರು. ಇಂಥ ಹೊತ್ತಿನಲ್ಲಿ ನಮ್ಮಲ್ಲಿ ಅನೇಕರು ಗಾಬರಿಯಿಂದ "ನೋಡಬೇಡಿ, ನೆನಪಿದ್ದರೆ ಹೇಳಿ" ಎಂದು ಕೂಗುತ್ತಾರೆ. ಅದರಿಂದ ಸಿಗುವುದು "ನೆನಪಿಲ್ಲ" ಎಂಬ ಒಂದು ಸಾಲು ಮಾತ್ರ, ಬಾಗಿಲು ಮಾತ್ರ ಮುಚ್ಚಿಹೋಗುತ್ತದೆ. ನಾನು "ನೋಡಿಯೇ ಹೇಳಿ ಸ್ವಾಮಿ" ಎಂದೆ. ಅವರು ಸಿಡಿ ತೆರೆದು, ನೋಡಿ, ಒಬ್ಬ ಕಾನ್ಸ್‌ಟೇಬಲ್‌ನ ಹೆಸರು ಹೇಳಿದರು.

ಆ ಉತ್ತರ ಟೈಪಾಗುವ ಮೊದಲೇ ಎದ್ದು ನ್ಯಾಯಾಧೀಶರಿಗೆ ಎರಡು ಬಿನ್ನಹ ಮಾಡಿದೆ. ಸಾಕ್ಷಿ ಕೇಸ್ ಡೈರಿ ನೋಡಿ ಉತ್ತರಿಸಿದ್ದಾರೆ ಎಂಬ ಮಾತು ಹೇಳಿಕೆಯಲ್ಲಿ ದಾಖಲಾಗಲಿ. ನೋಡಿದ ದಿನದ ನಮೂದನ್ನು 161ನೇ ಕಲಮಿನ ಪ್ರಕಾರ ನನಗೆ ತೋರಿಸಲಿ. ಮೊದಲನೆಯದು ದಾಖಲಾಗದಿದ್ದರೆ ಎರಡನೆಯದಕ್ಕೆ ನೆಲೆ ಇಲ್ಲ, ಮೇಲ್ಮನವಿಯಲ್ಲಿ ಅದನ್ನು ತೋರಿಸಲು ಕಾಗದವೂ ಇರುವುದಿಲ್ಲ. ಸರ್ಕಾರಿ ಅಭಿಯೋಜಕರು ಕೂಡಲೇ 172ರ ಮೂರನೇ ಉಪಕಲಂ ಓದಿದರು, ಆರೋಪಿಗೆ ಹಕ್ಕಿಲ್ಲ ಎಂದು. ಅವರು ಓದಿದ್ದು ಅರ್ಧ. ಉಳಿದರ್ಧವನ್ನು ನಾನು ಓದಿದೆ. ಅಂದಿನ ನಮೂದು ಮಾತ್ರ ನೋಡಿ ಎಂದು ನ್ಯಾಯಾಧೀಶರು ಕೊಡಿಸಿದರು. ಇಡೀ ಡೈರಿ ಬೇಕು ಎಂದು ಹಟ ಹಿಡಿಯಬೇಡ. ಅಧಿಕಾರಿ ಯಾವ ಭಾಗವನ್ನು ನೋಡಿದರೋ, ಅದೇ ಸಂಗತಿಗೆ ಸೇರಿದ ಭಾಗಕ್ಕೆ ಮಾತ್ರ ನಿನಗೆ ಹಕ್ಕು. ಅದಕ್ಕೇ ನಿನ್ನ ಪ್ರಶ್ನೆ ನಿನಗೆ ಬೇಕಾದ ದಿನದ ಮೇಲೇ ಬಿದ್ದಿರಬೇಕು.

ಒಂದೂವರೆ ಪುಟದ ನಮೂದು. ಸಂಜೆ 6 ಗಂಟೆಗೆ ಮಡಿಕೇರಿಯಿಂದ ವಾಪಸು. 7ಕ್ಕೆ ಆರೋಪಿಯ ವಿಚಾರಣೆ, ಆತ ಸ್ವಇಚ್ಛಾ ಹೇಳಿಕೆ ಕೊಟ್ಟ. ಆಮೇಲೆ ಪಂಚರನ್ನು ಬರಮಾಡಿಕೊಂಡು ಸ್ಥಳಕ್ಕೆ. ಮಹಜರಿನ ಪ್ರಕಾರ ಮಾಲು 3.15ಕ್ಕೇ ಸಿಕ್ಕಿದೆ. ಡೈರಿಯ ಪ್ರಕಾರ ಅದನ್ನು ತೋರಿಸುತ್ತೇನೆ ಎಂಬ ಮಾತು ಬಂದದ್ದು 7ಕ್ಕೆ. ಆರೋಪಿಯ ಮಾತಿನಿಂದ ಮಾಲು ಪತ್ತೆಯಾದರೆ ಮಾತ್ರ ಆ ಮಾತಿನ ಅಷ್ಟು ಭಾಗ ಸಾಕ್ಷ್ಯವಾಗುತ್ತದೆ ಎನ್ನುತ್ತದೆ 27ನೇ ಕಲಂ. ಮಾಲು ಮೊದಲು ಸಿಕ್ಕಿ ಮಾತು ಆಮೇಲೆ ಬಂದರೆ ಪತ್ತೆಯ ಪ್ರಶ್ನೆಯೇ ಏಳುವುದಿಲ್ಲ. ಅಧಿಕಾರಿಗೆ ಆ ಸಾಲುಗಳನ್ನು ಒಂದೊಂದಾಗಿ ಓದಿ ಕೇಳಿದೆ: ಇದು ನೀವು ಬರೆದದ್ದೇ? ಹೌದು. ಅವತ್ತೇ ಬರೆದದ್ದೇ? ಹೌದು. ಹಾಗಾದರೆ 3.15ಕ್ಕೆ ನೀವು ಸ್ಥಳದಲ್ಲಿ ಇರಲಿಲ್ಲ? ಸ್ವಲ್ಪ ಹೊತ್ತು ಸುಮ್ಮನಿದ್ದು, ಮಹಜರಿನ ಹೊತ್ತನ್ನು ರೈಟರ್ ಬರೆದದ್ದು ಎಂದರು. ಅಲ್ಲಿಗೆ ನಿಲ್ಲಿಸಿದೆ. ಯಾಕೆ, ಹೇಗೆ ಎಂದು ಇನ್ನೊಂದು ಪ್ರಶ್ನೆ ಕೇಳಿದ್ದರೆ ಅವರಿಗೆ ವಿವರಣೆ ಕೊಡಲು ನಾನೇ ಜಾಗ ಮಾಡಿಕೊಟ್ಟಂತಾಗುತ್ತಿತ್ತು. ಆ ಕೂಲಿಯವನ ಬಿಡುಗಡೆ ಆಯಿತು.

ಇದರಲ್ಲಿ ಒಂದು ಸೂಕ್ಷ್ಮ ಇದೆ, ಮರೆಯಬೇಡ. ಆ ಕೇಸಿನಲ್ಲಿ ಸಾಕ್ಷ್ಯವಾದದ್ದು ಡೈರಿ ಅಲ್ಲ, ಡೈರಿಯ ಸಾಲು ಕೇಳಿ ಅಧಿಕಾರಿ ತಮ್ಮ ಬಾಯಿಂದ ಕೊಟ್ಟ ಉತ್ತರ. ಆದ್ದರಿಂದ ವಾದ ಬರೆಯುವಾಗ "ಸಿಡಿಯ ಪ್ರಕಾರ" ಎಂದು ಬರೆಯಬೇಡ, ಸಾಕ್ಷಿಯ ಹೇಳಿಕೆಯ ಪುಟ, ಸಾಲು ತೋರಿಸು. ಇದೇ ನಿಯಮ ಎದುರಿನವರಿಗೂ ಅನ್ವಯಿಸುತ್ತದೆ. ತೀರ್ಪಿನಲ್ಲಿ ಎಲ್ಲಾದರೂ "ಕೇಸ್ ಡೈರಿಯಿಂದ ಕಂಡುಬರುವಂತೆ" ಎಂದು ಆರೋಪಿಯ ವಿರುದ್ಧ ಬಳಸಿದ್ದರೆ ಅದೇ ನಿನ್ನ ಮೇಲ್ಮನವಿಯ ಮೊದಲ ಆಧಾರ. 1953ರಲ್ಲಿ ಹೈದರಾಬಾದ್ ರಾಜ್ಯದಿಂದ ಹೋದ ಹಬೀಬ್ ಮಹಮ್ಮದ್ ಪ್ರಕರಣದಲ್ಲಿ, ಸಾಕ್ಷ್ಯವನ್ನು ತೂಗಿ ನೋಡುವಾಗ ತಮ್ಮ ಅಭಿಪ್ರಾಯಕ್ಕೆ ಬೆಂಬಲವಾಗಿ ಪೊಲೀಸ್ ಡೈರಿಯನ್ನು ಬಳಸಿದ ಹೈಕೋರ್ಟ್ ನ್ಯಾಯಮೂರ್ತಿಗಳ ಕ್ರಮ ತಪ್ಪು ಎಂದು ಸುಪ್ರೀಂ ಕೋರ್ಟು ಹೇಳಿತು. ಹಾಗೆಯೇ ಬೇರೆ ಸಾಕ್ಷಿಗಳನ್ನು ಕೆಡವಲು ಅಧಿಕಾರಿಯ ಡೈರಿ ನಮೂದು ಬರುವುದಿಲ್ಲ. ಅದು ಬರೆದವರ ಮುಂದೆ ಮಾತ್ರ ಹಿಡಿಯಬಹುದಾದ ಕಾಗದ. ತನಿಖೆ ಇಬ್ಬರು ಅಧಿಕಾರಿಗಳ ಕೈ ದಾಟಿದ್ದರೆ ಯಾವ ನಮೂದು ಯಾರದು ಎಂದು ಮೊದಲೇ ವಿಂಗಡಿಸಿಕೋ.

ಇನ್ನೊಂದು ಪ್ರಶ್ನೆ ನಿನಗೆ ಬರುತ್ತದೆ. ಅಧಿಕಾರಿ ಜಾಣರಿದ್ದು, ಕಾರಿಡಾರಿನಲ್ಲೇ ಸಿಡಿ ಓದಿಕೊಂಡು ಬರಿಗೈಯಲ್ಲಿ ಕಟ್ಟೆ ಹತ್ತಿದರೆ? ಬೆಳಿಗ್ಗೆ ಡೈರಿ ಓದಿಕೊಂಡು ಬಂದಿರಾ ಎಂದು ಕೇಳಿ ದಾಖಲಿಸು, ತಪ್ಪಿಲ್ಲ. ಆದರೆ ಅದರ ಮೇಲೆ ಡೈರಿ ತೋರಿಸಿ ಎಂದು ಕೇಳುವುದಕ್ಕೆ ಕಾಲೂರುವ ನೆಲ ಗಟ್ಟಿಯಿಲ್ಲ. ಅಲ್ಲಿ ಎರಡನೆಯ ದಾರಿ ಬೇಕು, ನ್ಯಾಯಾಲಯದ ಮೂಲಕ ಹೋಗುವ ದಾರಿ.

ಅದನ್ನು ಹೇಳಲು ನಮ್ಮ ಬಸವನಹಳ್ಳಿಯ ಪ್ರಕರಣಕ್ಕಿಂತ ಹತ್ತಿರದ್ದು ಬೇಕಿಲ್ಲ. ಇಲ್ಲೇ ಪಕ್ಕದ ಊರಿನ ಆದಿವಾಸಿ ಕೂಲಿ, ಹೆಂಡತಿ ಕಾಣೆಯಾಗಿದ್ದಾಳೆ ಎಂದು ತಾನೇ ಕುಶಾಲನಗರದಲ್ಲಿ ದೂರು ಕೊಟ್ಟವನು. ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರ ಠಾಣೆಯ ವ್ಯಾಪ್ತಿಯಲ್ಲಿ ಸಿಕ್ಕ ಅಸ್ಥಿಪಂಜರ ಅವಳದೇ ಎಂದಾಗಿ, ಕೊಲೆ ಆರೋಪದ ಮೇಲೆ ಒಂದೂವರೆ ವರ್ಷಕ್ಕೂ ಮೇಲೆ ಜೈಲಿನಲ್ಲಿದ್ದ. ಡಿಎನ್‌ಎ ವರದಿ ಕೈಗೆ ಬರುವ ಮೊದಲೇ ದೋಷಾರೋಪಣಾ ಪಟ್ಟಿ ಹೋಗಿತ್ತು. ಬಂದ ವರದಿ ತಾಳೆಯಾಗಲಿಲ್ಲ. ಆದರೂ ವಿಚಾರಣೆ ಮುಂದುವರಿಯಿತು. 2025ರ ಏಪ್ರಿಲ್ 1ರಂದು ಆ ಹೆಂಗಸು ಮಡಿಕೇರಿಯಲ್ಲಿ ಜೀವಂತ ಕಣ್ಣಿಗೆ ಬಿದ್ದಳು. ಅದೇ ತಿಂಗಳ 23ರಂದು ಮೈಸೂರಿನ 5ನೇ ಹೆಚ್ಚುವರಿ ಸೆಷನ್ಸ್ ನ್ಯಾಯಾಲಯ ಅವನನ್ನು ಬಿಡುಗಡೆ ಮಾಡಿ, ಒಂದು ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಆದೇಶಿಸಿತು. ಅವನ ಆಯುಷ್ಯದಲ್ಲಿ ಹೋದ ದಿನಗಳನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಇಂಥದ್ದೇ ಕೇಸೊಂದು ನಾಳೆ ನಿನ್ನ ಮೇಜಿಗೆ ಬಂತು ಎಂದಿಟ್ಟುಕೋ. ಕಾಯಬೇಡ. ಜಾಮೀನು ಅರ್ಜಿಯ ದಿನ ಸಿಡಿ ನ್ಯಾಯಾಲಯದ ಮುಂದೆ ಇರುತ್ತದೆ, ಅದನ್ನು ನೀನು ನೋಡಲಾರೆ, ನ್ಯಾಯಾಧೀಶರು ನೋಡಬಲ್ಲರು. ಅವರ ಕಣ್ಣನ್ನು ಸರಿಯಾದ ಪುಟಕ್ಕೆ ತಿರುಗಿಸುವುದು ನಿನ್ನ ಕೆಲಸ. "ದಯವಿಟ್ಟು ಡೈರಿ ಪರಿಶೀಲಿಸಬೇಕು" ಎಂಬ ಸಾಮಾನ್ಯ ಬೇಡಿಕೆಯಿಂದ ಏನೂ ಆಗದು, ಇನ್ನೂರು ಪುಟ ಯಾರು ಓದುತ್ತಾರೆ? ಪ್ರಶ್ನೆಗಳನ್ನು ಲಿಖಿತವಾಗಿ ಕೊಡು. ಮೂಳೆಯ ಮತ್ತು ರಕ್ತದ ಮಾದರಿ ಪ್ರಯೋಗಾಲಯಕ್ಕೆ ಹೋದದ್ದು ಯಾವ ದಿನದ ನಮೂದಿನಲ್ಲಿದೆ? ವರದಿ ಅಧಿಕಾರಿಯ ಕೈ ಸೇರಿದ್ದು ಯಾವ ದಿನ? ಮರುದಿನ ಏನು ಮಾಡಿದರೆಂದು ಬರೆದಿದೆ? ಕಾಣೆಯಾದವಳು ಬದುಕಿರಬಹುದು ಎಂದು ಯಾರಾದರೂ ಹೇಳಿದ್ದು ನಮೂದಾಗಿದೆಯೆ, ಆ ಜಾಡು ಹಿಡಿದು ಯಾರಾದರೂ ಹೋದರೆ? ಡೈರಿ ತರಿಸಿಕೊಂಡು ಇಷ್ಟನ್ನು ಮಾತ್ರ ನೋಡಬೇಕು ಎಂದು 172(2)ರಡಿ, ಹೊಸದರಲ್ಲಿ 192(4)ರಡಿ, ಬಿನ್ನವಿಸಿಕೋ. ನ್ಯಾಯಾಧೀಶರ ಕಣ್ಣಿಗೆ ವ್ಯತ್ಯಾಸ ಕಂಡು, ಅವರೇ ಅದನ್ನು ಕಟ್ಟೆಯಲ್ಲಿರುವ ಅಧಿಕಾರಿಯ ಮುಂದಿಟ್ಟು "ನೀವು ಹೀಗೆ ಬರೆದಿದ್ದೀರಲ್ಲ" ಎಂದು ಕೇಳಿದರೋ, ಆ ಕ್ಷಣಕ್ಕೆ 145ನೇ ಕಲಂ ನಿನ್ನ ಕೈಗೆ ಬರುತ್ತದೆ. ಆ ಭಾಗವನ್ನು ನೋಡುವ, ಅದರ ಮೇಲೆ ಸವಾಲು ಮಾಡುವ ಹಕ್ಕು ಕೇಳಿ ಪಡೆ.

ನ್ಯಾಯಾಧೀಶರು ಸಿಡಿ ನೋಡಿ ಏನೂ ಹೇಳದೆ ಮುಚ್ಚಿಟ್ಟರೆ? ಆಗ ನಿನಗೆ ಅದರೊಳಗೆ ಏನಿತ್ತೆಂದು ಗೊತ್ತಾಗುವುದಿಲ್ಲ, ಹಕ್ಕೂ ಹುಟ್ಟುವುದಿಲ್ಲ. ಆದರೂ ನಿನ್ನ ಲಿಖಿತ ಪ್ರಶ್ನೆಗಳು ಕಡತದಲ್ಲಿ ಉಳಿಯುತ್ತವೆ, ಹೈಕೋರ್ಟು ಅದೇ ಡೈರಿಯನ್ನು ತರಿಸಿಕೊಂಡಾಗ ಎಲ್ಲಿ ನೋಡಬೇಕೆಂದು ಅವು ಹೇಳುತ್ತವೆ. 1983ರ ಭಗವಂತ ಸಿಂಗ್ ಪ್ರಕರಣದ ತೀರ್ಪನ್ನೂ ಅರ್ಜಿಗೆ ಲಗತ್ತಿಸು. ಡೈರಿಯನ್ನು ತಡಮಾಡದೆ, ಸಾಕಷ್ಟು ವಿವರವಾಗಿ, ದಿನಗಳ ಕ್ರಮದಲ್ಲಿ, ಪಕ್ಷಪಾತವಿಲ್ಲದೆ ಬರೆಯಬೇಕು ಎಂದು ಅದರಲ್ಲಿ ಹೇಳಿದೆ. ಹದಿನೈದು ದಿನದ್ದನ್ನು ಒಂದೇ ಸಲ ಕೂತು ಬರೆದಿದ್ದರೆ ಶಾಯಿ, ಕೈಬರಹ, ಪುಟಸಂಖ್ಯೆಯ ಓಟ ನೋಡಿದ ಕಣ್ಣಿಗೆ ಅದು ತಿಳಿಯುತ್ತದೆ. ಟೈಪ್ ಮಾಡಿದ್ದಾದರೆ ಆಮೇಲೆ ಹುಟ್ಟಿದ ಸಂಗತಿ ಮೊದಲಿನ ದಿನದ ನಮೂದಿನಲ್ಲಿ ನುಸುಳಿರುತ್ತದೆ, ಉದಾಹರಣೆಗೆ ಇನ್ನೂ ಪತ್ತೆಯಾಗದ ಸಾಕ್ಷಿಯ ಹೆಸರು. ಅದನ್ನು ಹುಡುಕುವಂತೆ ಕೇಳು.

ಈಗ ನಿನ್ನ ಕೇಸಿಗೆ ಬರೋಣ. ನಿನ್ನ ತಾರೀಕಿನ ಹಾಳೆ ಇನ್ನೂ ಅರ್ಧ ಖಾಲಿ ಇದೆ, ನಾನು ನೋಡಿದೆ. ಪ್ರಥಮ ವರ್ತಮಾನ ವರದಿ ಮ್ಯಾಜಿಸ್ಟ್ರೇಟರ ಮನೆಗೆ ತಲುಪಿದ ಹೊತ್ತನ್ನು ಬರೆದಿಲ್ಲ, ಮುದ್ದೆಮಾಲನ್ನು ಕೋರ್ಟಿಗೆ ಒಪ್ಪಿಸಿದ ದಿನವನ್ನೂ ಬರೆದಿಲ್ಲ. ಇವೆರಡೂ ಕೋರ್ಟಿನ ಕಡತದಲ್ಲೇ ಇವೆ, ಬೆಳಿಗ್ಗೆ ಬೇಗ ಹೋಗಿ ನೋಡಿಕೋ. ಕಟ್ಟೆಯಲ್ಲಿ ಅಧಿಕಾರಿಯ ಕೈ ಕಾಣುವ ಕಡೆ ನಿಂತುಕೋ. ಅವರು ಯಾವ ಕಾಗದ ತೆರೆದರೂ "ಸಾಕ್ಷಿ ಏನು ನೋಡಿ ಹೇಳುತ್ತಿದ್ದಾರೆ ದಾಖಲಾಗಲಿ ಸ್ವಾಮಿ" ಎಂಬ ಒಂದು ವಾಕ್ಯವನ್ನು ಎದ್ದು ನಿಂತು ಹೇಳು. ಆ ಹಾಳೆ ತುಂಬಿಸಿ ನಾಳೆ ಸಂಜೆ ಮನೆಗೆ ತಾ, ಇಬ್ಬರೂ ಕೂತು ಪ್ರಶ್ನೆ ಬರೆಯೋಣ.